ಇಬ್ಬರ ಪಾಲಿಸಿಗೆ ಒಬ್ಬರ ನಡಿಗೆ ಸಾಲದು

ಬಳ್ಳಾರಿಯಲ್ಲಿ ಆರೋಗ್ಯ ವಿಮೆಯ ಕೆಲಸ ಮಾಡುತ್ತಿರುವ ನನಗೆ ಪ್ರತಿ ವರ್ಷವೂ ತಪ್ಪದೆ ಎದುರಾಗುವ ಒಂದು ಮಾತಿದೆ: "ಚೆಕಪ್ ಮಾಡಿಸಿದ್ದೇವಲ್ಲ ಸಾರ್, ಪ್ರೀಮಿಯಂ ಯಾಕೆ ಇಳಿದಿಲ್ಲ?" ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ತಾಳ್ಮೆ ಸವೆದಿದೆ. ತಪ್ಪು ಕೇಳುವವರದ್ದಷ್ಟೇ ಅಲ್ಲ. ಪಾಲಿಸಿ ಮಾರುವಾಗ "ಉಚಿತ ತಪಾಸಣೆ, ಮೇಲೆ ರಿಯಾಯಿತಿ" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವ ನಮ್ಮಂಥವರದ್ದೂ ಇದೆ. ಪಾಲಿಸಿಯ ಪುಸ್ತಕದಲ್ಲಿ ಅವು ಎರಡು ಬೇರೆ ಬೇರೆ ಷರತ್ತುಗಳು. ಒಂದು, ವರ್ಷಕ್ಕೊಮ್ಮೆಯೋ ಕೆಲವು ವರ್ಷಗಳಿಗೊಮ್ಮೆಯೋ ಕಂಪನಿಯ ಖರ್ಚಿನಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವ ಸೌಲಭ್ಯ. ಇನ್ನೊಂದು, ನಡಿಗೆ, ಪರೀಕ್ಷೆ, ಪ್ರಶ್ನಾವಳಿ ಇವುಗಳಿಂದ ಅಂಕ ಗಳಿಸಿ, ಆ ಅಂಕಗಳ ಮೇಲೆ ನವೀಕರಣದ ಪ್ರೀಮಿಯಂನಲ್ಲಿ ರಿಯಾಯಿತಿ ಪಡೆಯುವ ಏರ್ಪಾಡು. ಮೊದಲನೆಯದನ್ನು ಬಳಸಿಕೊಂಡ ಮಾತ್ರಕ್ಕೆ ಎರಡನೆಯದು ಸಿಗುವುದಿಲ್ಲ.

ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಘಟಕ ನಡೆಸುವ ನನ್ನ ಗ್ರಾಹಕರೊಬ್ಬರ ಲೆಕ್ಕವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಇಡುತ್ತೇನೆ. ಗಂಡ, ಹೆಂಡತಿ ಇಬ್ಬರಿಗೂ ಸೇರಿ 5 ಲಕ್ಷ ರೂಪಾಯಿಯ ಫ್ಲೋಟರ್ ಪಾಲಿಸಿ. ಮೂಲ ಪ್ರೀಮಿಯಂ 26,000, ಮೂಲ ಪಾಲಿಸಿಗೆ ಜೋಡಿಸಿದ ಹೆಚ್ಚುವರಿ ರಕ್ಷಣೆಗಳ, ಅಂದರೆ ರೈಡರುಗಳದ್ದು 3,000, ಒಟ್ಟು 29,000. ರಿಯಾಯಿತಿಯ ಬಗ್ಗೆ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿದ್ದದ್ದು "10% ವರೆಗೆ" ಎಂಬ ಮಾತು. ಆ "ವರೆಗೆ" ಎಂಬ ಪದವನ್ನು ಯಾರೂ ಓದುವುದಿಲ್ಲ. ಷರತ್ತಿನ ಪ್ರಕಾರ ವರ್ಷದಲ್ಲಿ 1,000 ಅಂಕ ಬಂದರೆ 10%, 500 ಬಂದರೆ 5%, ಅದಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಒಬ್ಬರಿಗಿಂತ ಹೆಚ್ಚು ವಯಸ್ಕರಿರುವ ಪಾಲಿಸಿಯಲ್ಲಿ ಎಲ್ಲ ವಯಸ್ಕರ ಅಂಕಗಳ ಸರಾಸರಿಯನ್ನು ತೆಗೆದುಕೊಳ್ಳಲಾಗುವುದು.

ಯಜಮಾನರು ದಿನಾ ನಸುಕಿನಲ್ಲಿ ಎದ್ದು, ಬಿಸಿಲೇರುವ ಮೊದಲೇ ಮೈದಾನ ಸುತ್ತಿ, 820 ಅಂಕ ಗಳಿಸಿದ್ದರು. ಅವರ ಮನೆಯವರ ಬಳಿ ಇದ್ದದ್ದು ಬಟನ್ ಫೋನು. ಅಂಕ ಎಣಿಸುವ ಕಂಪನಿಯ ಆ್ಯಪ್‌ನಲ್ಲಿ ಅವರ ಹೆಸರಿದ್ದರೂ ಯಾರೂ ತೆರೆದಿರಲಿಲ್ಲ. ಹೀಗಾಗಿ ಅವರ ಅಂಕ ಸೊನ್ನೆ. 820ಕ್ಕೆ ಸೊನ್ನೆ ಕೂಡಿಸಿ ಎರಡರಿಂದ ಭಾಗಿಸಿದರೆ 410, ರಿಯಾಯಿತಿಯೂ ಸೊನ್ನೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ 90 ಅಂಕದ ಕೊರತೆ ತುಂಬಲು ಹೆಂಡತಿ ಒಂದು ಹೆಜ್ಜೆಯನ್ನೂ ನಡೆಯಬೇಕಿರಲಿಲ್ಲ ಎಂಬುದೇ ಹೆಚ್ಚು ನೋವಿನ ಸಂಗತಿ. ಆ ಪಾಲಿಸಿಯಲ್ಲಿ ಆರೋಗ್ಯದ ಪ್ರಶ್ನಾವಳಿ ತುಂಬಿದರೆ 50 ಅಂಕ, ತಪಾಸಣೆ ಮಾಡಿಸಿದರೆ 150 ಅಂಕ. ಇಬ್ಬರದೂ ಸೇರಿ 1,020, ಸರಾಸರಿ 510, ಅಲ್ಲಿಗೆ 5% ಕೈಗೆ ಬರುತ್ತಿತ್ತು.

ತಪಾಸಣೆಯನ್ನು ಆಕೆ ಮಾಡಿಸಿಯೇ ಇದ್ದರು. ಜನವರಿಯಲ್ಲಿ, ಮನೆಯ ಹತ್ತಿರದ ಪರಿಚಯದ ಲ್ಯಾಬಿನಲ್ಲಿ, 2,200 ರೂಪಾಯಿ ಕೊಟ್ಟು. ಆ ಬಿಲ್ಲನ್ನು ನವೀಕರಣದ ಸಮಯಕ್ಕೆಂದು ಜೋಪಾನವಾಗಿ ಮಡಿಸಿ ಇಟ್ಟಿದ್ದರು. ಆದರೆ ಬಹುಪಾಲು ಪಾಲಿಸಿಗಳಲ್ಲಿ ತಪಾಸಣೆಯ ಸೌಲಭ್ಯವೆಂದರೆ ಆ್ಯಪ್ ಅಥವಾ ಸಹಾಯವಾಣಿಯ ಮೂಲಕ ಮೊದಲೇ ಕಾಯ್ದಿರಿಸಿ, ಕಂಪನಿಯ ನೆಟ್‌ವರ್ಕ್‌ ಲ್ಯಾಬಿನಲ್ಲಿ, ಅವರು ಗೊತ್ತುಮಾಡಿದ ಪರೀಕ್ಷೆಗಳನ್ನಷ್ಟೇ ಮಾಡಿಸಿಕೊಳ್ಳುವುದು. ಹೊರಗೆ ಮಾಡಿಸಿದ ಬಿಲ್ಲಿಗೆ ಹಣವೂ ಇಲ್ಲ, ಅಂಕವೂ ಇಲ್ಲ. ಈ ಷರತ್ತು ನಮ್ಮ ಭಾಗದಲ್ಲಿ ಹೆಚ್ಚು ಕಾಡುತ್ತದೆ. ಕುಷ್ಟಗಿಯ ನನ್ನ ಗ್ರಾಹಕರೊಬ್ಬರಿಗೆ ಆ್ಯಪ್ ತೋರಿಸಿದ್ದು ಹುಬ್ಬಳ್ಳಿಯ ಲ್ಯಾಬ್. ರಾತ್ರಿಯಿಂದ ಉಪವಾಸವಿದ್ದು ಹುಬ್ಬಳ್ಳಿಯ ಬಸ್ಸು ಹತ್ತುವವರು ಯಾರು? ಪಾಲಿಸಿ ಕೊಳ್ಳುವ ಮೊದಲೇ ನಿಮ್ಮ ಊರಿನ ಪಿನ್‌ಕೋಡ್ ಹಾಕಿ ಹತ್ತಿರದ ಲ್ಯಾಬ್ ಯಾವುದೆಂದು ನೋಡಿಕೊಳ್ಳಿ. ಆ 2,200ರ ಬಿಲ್ಲು ಪೂರ್ತಿ ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು: ಹಳೆಯ ತೆರಿಗೆ ಪದ್ಧತಿಯಲ್ಲೇ ಇರುವವರಿಗೆ ಮುಂಜಾಗ್ರತಾ ತಪಾಸಣೆಯ ವೆಚ್ಚಕ್ಕೆ, ನಗದಾಗಿ ಕೊಟ್ಟಿದ್ದರೂ, 5,000 ರೂಪಾಯಿಯವರೆಗೆ ವಿನಾಯಿತಿ ಇದೆ. ಅದು ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೇ ಬರುತ್ತದೆ, ಅದರ ಮೇಲೆ ಹೆಚ್ಚುವರಿಯಲ್ಲ.

ಇನ್ನು "ಪ್ರೀಮಿಯಂ ಇಳಿಯುತ್ತದೆ" ಎಂಬ ಮಾತಿನ ಅರ್ಥ. ಫ್ಲೋಟರ್ ಪಾಲಿಸಿಯ ಪ್ರೀಮಿಯಂ ಸಾಮಾನ್ಯವಾಗಿ ಹಿರಿಯ ಸದಸ್ಯರ ವಯಸ್ಸಿನ ಮೇಲೆ ನಿಲ್ಲುತ್ತದೆ. ಯಜಮಾನರಿಗೆ 46 ತುಂಬಿ ಅವರು ಮುಂದಿನ ವಯೋಗುಂಪಿಗೆ ಸೇರಿದ್ದರಿಂದ ಮೂಲ ಪ್ರೀಮಿಯಂ 26,000ದಿಂದ 30,500ಕ್ಕೆ ಏರಿತು. 5% ರಿಯಾಯಿತಿ ಸಿಕ್ಕಿದ್ದರೆ ಅದು ಈ 30,500ರ ಮೇಲೆ, ಅಂದರೆ 1,525 ರೂಪಾಯಿ. ರೈಡರಿನ 3,000ಕ್ಕೆ ಅದು ಅನ್ವಯಿಸುವುದಿಲ್ಲ. ಆಗಲೂ ಅವರು ಕಟ್ಟಬೇಕಾಗಿದ್ದದ್ದು 31,975. ಹಿಂದಿನ ವರ್ಷಕ್ಕಿಂತ 2,975 ಹೆಚ್ಚು! ರಿಯಾಯಿತಿ ಸುಳ್ಳಲ್ಲ, ಆದರೆ ಅದು ಕಳೆಯುವುದು ಏರಿದ ಮೊತ್ತದಿಂದ. ಇಷ್ಟನ್ನು ಬಿಡಿಸಿ ಹೇಳಿದ ಮೇಲೂ ಮೂರನೆಯ ದಿನ ಅದೇ ಪ್ರಶ್ನೆ ಕೇಳುವವರಿದ್ದಾರೆ. ಅವರಿಗೆ ನಾನು ಈಗ ಕಾಗದದ ಮೇಲೆಯೇ ಬರೆದುಕೊಡುತ್ತೇನೆ.

ಅಂಕಗಳನ್ನು ಎಣಿಸುವುದಕ್ಕೂ ಒಂದು ಕೊನೆಯ ದಿನವಿರುತ್ತದೆ. ನವೀಕರಣದ ನೋಟಿಸು ಮೊದಲೇ ತಯಾರಾಗಬೇಕಾದ್ದರಿಂದ, ಈ ಪಾಲಿಸಿಯಲ್ಲಿ ಗಡುವಿಗೆ 60 ದಿನ ಮೊದಲೇ ಲೆಕ್ಕ ಮುಗಿಯುತ್ತದೆ. ಜೂನ್ 10ಕ್ಕೆ ನವೀಕರಣವಿದ್ದರೆ ಏಪ್ರಿಲ್ 11ರ ನಂತರದ ನಡಿಗೆ ಆ ವರ್ಷಕ್ಕೆ ಸೇರುವುದಿಲ್ಲ. ಕೊನೆಯ ತಿಂಗಳಲ್ಲಿ ಎಚ್ಚೆತ್ತು ಮೊಮ್ಮಗನ ಜೇಬಿಗೆ ಫೋನು ಹಾಕಿ ಓಡಾಡಿಸಿದ ಸಿರುಗುಪ್ಪದ ಹಿರಿಯರೊಬ್ಬರನ್ನು ನಾನು ಬಲ್ಲೆ. ಅಂಕ ರದ್ದಾಗಬಹುದೆಂದು ಅವರಿಗೆ ಎಚ್ಚರಿಸಬೇಕಾಯಿತು. ನಗು ತಡೆದುಕೊಂಡು ಎಚ್ಚರಿಸಿದೆ.

ಈ ವರ್ಷ ಜೀನ್ಸ್ ಘಟಕದವರ ಮನೆಯಲ್ಲಿ ಎಲ್ಲವೂ ಕ್ರಮವಾಗಿ ನಡೆಯಿತು. ಮಗಳ ಫೋನಿನಲ್ಲಿ ತಾಯಿಯ ಆ್ಯಪ್ ತೆರೆದರು, ಫೆಬ್ರುವರಿಯಲ್ಲೇ ನೆಟ್‌ವರ್ಕ್ ಲ್ಯಾಬಿಗೆ ಕರೆದೊಯ್ದರು. ವರದಿಯಲ್ಲಿ ಮೂರು ತಿಂಗಳ ಸರಾಸರಿ ಶುಗರ್ 7.1 ಎಂದು ಬಂತು. 6.5ಕ್ಕೆ ಮುಟ್ಟಿದರೇ ಅದು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. ಯಜಮಾನರು ಗಾಬರಿಯಿಂದ ಓಡಿಬಂದರು: "ಕಂಪನಿಯವರ ಕೈಗೆ ನಾವೇ ವರದಿ ಕೊಟ್ಟಂಗಾತಲ್ಲ ಸಾರ್, ಇನ್ನು ಪಾಲಿಸಿ ಮುಂದುವರಿಸ್ತಾರಾ?"

ಮುಂದುವರಿಸುತ್ತಾರೆ. ವಿಮಾ ಮೊತ್ತ ಹೆಚ್ಚಿಸದೆ ನವೀಕರಿಸುವಾಗ ಹೊಸದಾಗಿ ಆರೋಗ್ಯದ ಪರಿಶೀಲನೆ ನಡೆಸುವಂತಿಲ್ಲ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. ಪಾಲಿಸಿ ಕೊಂಡ ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ಪತ್ತೆಯಾದ ಶುಗರ್, ಆ ಪಾಲಿಸಿಯ ಮಟ್ಟಿಗೆ ಹಿಂದಿನಿಂದ ಇದ್ದ ಕಾಯಿಲೆಯೂ ಅಲ್ಲ. ಆದರೆ ಇಲ್ಲಿ ನಾನು ತುಸು ಎಚ್ಚರಿಕೆಯಿಂದ ಮಾತಾಡಬೇಕು. ಲ್ಯಾಬಿನವರೋ ಆ್ಯಪ್‌ನ ಪ್ರಶ್ನಾವಳಿಯೋ "ಎಷ್ಟು ವರ್ಷದಿಂದ ಶುಗರ್ ಇದೆ?" ಎಂದು ಕೇಳಿದಾಗ, ಇಲ್ಲದ ಇತಿಹಾಸವನ್ನು ಅಂದಾಜಿನಿಂದ ಹೇಳಿಬಿಡುವ ಅಭ್ಯಾಸ ನಮ್ಮ ಜನರಿಗಿದೆ. ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಸ್ತಾವದಲ್ಲಿ "ಇಲ್ಲ" ಎಂದು ಬರೆದವರು ಇಲ್ಲಿ "ಐದು ವರ್ಷದಿಂದ" ಎಂದರೆ ಕ್ಲೈಮಿನ ಸಮಯದಲ್ಲಿ ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಸತತ 60 ತಿಂಗಳು ಪೂರೈಸಿದ ಮೇಲೆ ವಂಚನೆ ಸಾಬೀತಾಗದ ಹೊರತು ಇಂಥ ತಕರಾರು ಎತ್ತುವಂತಿಲ್ಲ; ಅದರೊಳಗಿನವರು ಗೊತ್ತಿರುವುದನ್ನಷ್ಟೇ, ಗೊತ್ತಾದ ದಿನಾಂಕದೊಂದಿಗೆ ಹೇಳಲಿ. ಇದರ ಅರ್ಥ ಇದ್ದದ್ದನ್ನು ಮುಚ್ಚಿಡಿ ಎಂದಲ್ಲ.

ಅವರಿಗೆ ತೊಡಕಾಗಿದ್ದು ಬೇರೆ ಕಡೆ. ಇದೇ ನವೀಕರಣದಲ್ಲಿ ವಿಮಾ ಮೊತ್ತವನ್ನು 5ರಿಂದ 10 ಲಕ್ಷಕ್ಕೆ ಏರಿಸಬೇಕೆಂದು ಅವರು ಮೊದಲೇ ಯೋಚಿಸಿದ್ದರು. ಹೆಚ್ಚಿಸುವ 5 ಲಕ್ಷದ ಮಟ್ಟಿಗೆ ಕಂಪನಿ ಆರೋಗ್ಯವನ್ನು ಹೊಸದಾಗಿ ಪರಿಶೀಲಿಸಬಹುದು. ಆ ಭಾಗಕ್ಕೆ ಹೆಚ್ಚುವರಿ ದರ ವಿಧಿಸಬಹುದು, ಶುಗರಿಗೆ 36 ತಿಂಗಳವರೆಗೆ ಕಾಯುವ ಅವಧಿ ಹಾಕಬಹುದು, ನಿರಾಕರಿಸಲೂಬಹುದು. ಹಳೆಯ 5 ಲಕ್ಷಕ್ಕೆ ಇದಾವುದೂ ತಟ್ಟುವುದಿಲ್ಲ. ವರದಿಯನ್ನು ಬಚ್ಚಿಟ್ಟು ಅರ್ಜಿ ಹಾಕೋಣವೇ ಎಂದು ಅವರು ಮೆಲ್ಲಗೆ ಕೇಳಿದರು. ವರದಿ ಇರುವುದೇ ಕಂಪನಿಯ ಆ್ಯಪ್‌ನಲ್ಲಿ ಎಂದು ನೆನಪಿಸಿದೆ. ಅರ್ಜಿಯಲ್ಲಿ 7.1 ಎಂದೇ ಬರೆದು, ದಿನಾಂಕ ನಮೂದಿಸಿ, ವರದಿಯ ಪ್ರತಿ ಲಗತ್ತಿಸಿ ಕಳುಹಿಸಿದ್ದೇವೆ. ಹಳೆಯ ಮೊತ್ತದ ನವೀಕರಣಕ್ಕೆ 5% ರಿಯಾಯಿತಿ ಬಂದಿದೆ. ಹೆಚ್ಚುವರಿ ಮೊತ್ತದ ಬಗ್ಗೆ ಉತ್ತರ ಇನ್ನೂ ಬಂದಿಲ್ಲ.