ಟೋಕನ್ ಮಿತಿ: 75ರ ಒಳಗೇ ಇದ್ದರೂ ಸೀರೆ ಯಾಕೆ ಕೆಂಪಾಯ್ತು?

"ಟೋಕನ್ ಇನ್ನೂ ಮಿಕ್ಕಿದೆ ಸಾರ್, ಏನಾದ್ರೂ ಸೇರಿಸಿಬಿಡೋಣ." ಹಾಸನದ ಡಿಟಿಪಿ ಅಂಗಡಿಗಳಲ್ಲಿ ಈಚೆಗೆ ಈ ಮಾತು ಜಾಸ್ತಿ ಕಿವಿಗೆ ಬೀಳುತ್ತಿದೆ. ಹೋಮ್‌ಸ್ಟೇ ಪೋಸ್ಟರ್‌ಗೋ ಮದುವೆ ಬ್ಯಾನರ್‌ಗೋ ಎಐ ಟೂಲ್‌ನಿಂದ ಚಿತ್ರ ಮಾಡಿಸಲು ಕೂತವರು, ಬೇಕಾದ ಚಿತ್ರದ ವಿವರ ಬರೆಯುವ ಪ್ರಾಂಪ್ಟ್ ಪೆಟ್ಟಿಗೆಯ ಮೂಲೆಯಲ್ಲಿ 52/75 ಅಂತ ಕಂಡರೆ ಸಾಕು, ಉಳಿದ 23ನ್ನು ತುಂಬಿಸದೆ ಬಿಡುವುದಿಲ್ಲ. ಆಮೇಲೆ ಚಿತ್ರದಲ್ಲಿ ಕೇಳಿದ ನಾಯಿ ಇರುವುದಿಲ್ಲ, ಹಸಿರು ಸೀರೆ ಕೆಂಪಾಗಿರುತ್ತದೆ. "ಲಿಮಿಟ್ ಒಳಗೇ ಇದ್ದೀವಲ್ಲ, ಇದಕ್ಕೇನಾಯ್ತು?" ಅಂತ ಟೂಲ್‌ಗೆ ಬೈಗುಳ.

ಟೋಕನ್ ಅಂದರೆ ನಮಗೆ ಬ್ಯಾಂಕಿನ ಹಿತ್ತಾಳೆ ಬಿಲ್ಲೆ ನೆನಪಾಗುತ್ತದೆ. ಒಬ್ಬರಿಗೆ ಒಂದು, ಕೈಯಲ್ಲಿದ್ದರೆ ಸರದಿ ಬಂದೇ ಬರುತ್ತದೆ. ಇಂಗ್ಲಿಷಿನಲ್ಲಿ ಈ ಪದಕ್ಕೆ ಮೊದಲಿನಿಂದಲೂ ಇದ್ದ ಅರ್ಥ ಗುರುತು, ಚಿಹ್ನೆ. ಕಂಪ್ಯೂಟರ್‌ನವರು ಅದನ್ನು ತಮ್ಮ ಕೆಲಸಕ್ಕೆ ತೆಗೆದುಕೊಂಡಾಗ 'ಬರಹವನ್ನು ಒಡೆದಾಗ ಸಿಗುವ ತುಂಡು' ಎಂಬ ಅರ್ಥ ಬಂತು. ನಮ್ಮ ತಲೆಯಲ್ಲಿ ಕೂತದ್ದು ಮಾತ್ರ ಬ್ಯಾಂಕಿನ ಬಿಲ್ಲೆಯೇ. ಹಾಗಾಗಿ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಒಂದು, ಪದಕ್ಕೊಂದು ಟೋಕನ್ ಅಂದುಕೊಳ್ಳುವುದು. ಇನ್ನೊಂದು, ಟೋಕನ್ ಸಿಕ್ಕ ಪದಕ್ಕೆಲ್ಲ ಚಿತ್ರದಲ್ಲಿ ಜಾಗ ಖಾತ್ರಿ ಅಂದುಕೊಳ್ಳುವುದು.

ಮೊದಲನೆಯದು ಸಣ್ಣ ತಪ್ಪು, ಬೇಗ ಮುಗಿಸೋಣ. coffee ತರಹದ ಬಳಕೆಯ ಇಂಗ್ಲಿಷ್ ಪದ ಒಂದೇ ತುಂಡಾಗಿ ಉಳಿಯುತ್ತದೆ. Mullayanagiri ಅಂತ ಬರೆದರೆ ಹಲವು ತುಂಡಾಗುತ್ತದೆ. ಅಲ್ಪವಿರಾಮಕ್ಕೂ ಒಂದು ಟೋಕನ್ ಖರ್ಚು. ಕನ್ನಡದಲ್ಲೇ ಟೈಪ್ ಮಾಡಿದರಂತೂ ಕಷ್ಟ. ಕಂಪ್ಯೂಟರ್‌ನಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. 'ಹಸಿರು ಸೀರೆ' ಅನ್ನುವ ಎರಡೇ ಪದ 27 ಬೈಟ್ ಆಗುತ್ತದೆ. ಇಂಗ್ಲಿಷ್ ಬರಹದಲ್ಲೇ ಪಳಗಿದ ಹಳೆಯ ಟೂಲ್ ಅದನ್ನು ಚೂರುಚೂರು ಮಾಡಿ, ಎಣಿಕೆ ಏರಿಸಿ, ಕೊನೆಗೆ ಅರ್ಥವನ್ನೂ ಹಿಡಿಯುವುದಿಲ್ಲ.

ಎರಡನೆಯ ತಪ್ಪೇ ದೊಡ್ಡದು. 75 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ತಿಳಿದರೆ ಅದು ತಾನಾಗಿ ಬಿಡಿಸಿಕೊಳ್ಳುತ್ತದೆ. 2022ರಲ್ಲಿ ಬಂದ, ಚಿತ್ರ ಬರೆಯುವ ಸ್ಟೇಬಲ್ ಡಿಫ್ಯೂಷನ್ ಎಂಬ ಮಾಡೆಲ್ ನಿಮ್ಮ ಬರಹವನ್ನು ತಾನೇ ಓದುವುದಿಲ್ಲ. ಓದುವ ಕೆಲಸ ಕ್ಲಿಪ್ ಎಂಬ ಬೇರೆ ಮಾಡೆಲ್‌ನದು. ಓಪನ್‌ಎಐ ಅದನ್ನು 2021ರಲ್ಲಿ ಹೊರಬಿಟ್ಟಿತು. ಕ್ಲಿಪ್‌ಗೆ ಒಂದು ಸಲಕ್ಕೆ ಹಿಡಿಸುವುದು 77 ಟೋಕನ್. ಶುರು ಮತ್ತು ಕೊನೆಯ ಗುರುತಿಗೆ ಎರಡು ಹೋದರೆ ನಮಗೆ ಉಳಿಯುವುದು 75. ಅದನ್ನು ದಾಟಿದರೆ ಕೆಲವು ಟೂಲ್‌ಗಳು ಬಾಲವನ್ನು ಕತ್ತರಿಸಿ ಎಸೆಯುತ್ತವೆ. ಇಂಥ ಮಾಡೆಲ್ ಓಡಿಸಲು ಡಿಫ್ಯೂಸರ್ಸ್ ಎಂಬ ಕೋಡ್ ಲೈಬ್ರರಿ ಬಳಸುವವರಿಗೆ ಪರದೆಯ ಮೇಲೆ ಹೀಗೆ ಕಾಣುತ್ತದೆ, ಮುಂದೆ ಕತ್ತರಿಸಿದ ಭಾಗವೂ ಇರುತ್ತದೆ:

```
The following part of your input was truncated because
CLIP can only handle sequences up to 77 tokens:
```

ಇನ್ನು ಕೆಲವು ಟೂಲ್‌ಗಳು ಕತ್ತರಿಸದೆ 75ರ ಕಂತು ಮಾಡಿ ಬೇರೆ ಬೇರೆಯಾಗಿ ಓದಿಸುತ್ತವೆ. ಎಣಿಕೆ 75/75 ದಾಟಿ 80/150 ಆಗುವುದು ಅದಕ್ಕೇ. ಏನೂ ಕಳೆದುಹೋಗಲಿಲ್ಲ ಅಂತ ಸಮಾಧಾನ ಆಗಬಹುದು. ಆದರೆ ಮೊದಲ ಕಂತು ಓದುವಾಗ ಎರಡನೆಯದರಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಅಂದರೆ 75 ಎಂಬುದು ಒಳಗೆ ಹಿಡಿಸುವ ಲೆಕ್ಕ ಮಾತ್ರ. ಹಿಡಿಸಿದ್ದನ್ನೆಲ್ಲ ಸರಿಯಾಗಿ ಜೋಡಿಸುತ್ತೇನೆ ಅಂತ ಯಾರೂ ಮಾತು ಕೊಟ್ಟಿಲ್ಲ. ಕ್ಲಿಪ್ ಕಲಿತದ್ದೇ ಚಿತ್ರ ಮತ್ತು ಅದರ ಜೊತೆಗಿದ್ದ ಬರಹ ಒಂದಕ್ಕೊಂದು ಹೊಂದುತ್ತವಾ ಅಂತ ನೋಡುವುದನ್ನು. 'ಹಸಿರು, ಕೆಂಪು, ಸೀರೆ, ಹಣ್ಣು' ನಾಲ್ಕೂ ಚಿತ್ರದಲ್ಲಿವೆ ಅಂತ ತಿಳಿದರೆ ಆ ಪರೀಕ್ಷೆಯಲ್ಲಿ ಪಾಸು. ಹಸಿರು ಯಾವುದರದ್ದು, ಕೆಂಪು ಯಾವುದರದ್ದು ಅಂತ ಗಟ್ಟಿಯಾಗಿ ಕಟ್ಟಿಕೊಳ್ಳುವ ಅಗತ್ಯ ಅದಕ್ಕೆ ಅಷ್ಟಾಗಿ ಬೀಳಲಿಲ್ಲ. ಕ್ಲಿಪ್‌ನ ಪರಿಣಾಮಕಾರಿ ಉದ್ದ 20 ಟೋಕನ್‌ಗಿಂತಲೂ ಕಡಿಮೆ ಅಂತ 2024ರ ಲಾಂಗ್‌-ಕ್ಲಿಪ್ ಸಂಶೋಧಕರು ಕಂಡುಕೊಂಡರು. 75 ಅಂತ ಬೋರ್ಡು ಹಾಕಿದ್ದರೂ ಓದುವ ಗಮನ ಬಹಳ ಮೊದಲೇ ತೆಳುವಾಗುತ್ತದೆ.

ಆಮೇಲೆ ಚಿತ್ರ ಬರೆಯುವ ಹಂತ. ಚಿತ್ರದ ಪ್ರತಿ ತುಣುಕೂ ಎಲ್ಲ ಟೋಕನ್‌ಗಳ ಕಡೆಗೂ ಒಟ್ಟಿಗೆ ನೋಡುತ್ತದೆ. 'ಕೆಂಪು' ಎಂಬ ಟೋಕನ್ ಹಣ್ಣಿರುವ ಜಾಗಕ್ಕೂ ಕೇಳಿಸುತ್ತದೆ, ಪಕ್ಕದ ಸೀರೆಯ ಜಾಗಕ್ಕೂ ಕೇಳಿಸುತ್ತದೆ. ಅದರ ಮೇಲೆ ಕ್ಲಿಪ್ ಎಡದಿಂದ ಬಲಕ್ಕೆ ಓದುವುದರಿಂದ ಮೊದಲು ಬಂದ ಪದದ ಛಾಯೆ ಹಿಂದೆ ಬರುವ ಪದಗಳ ಮೇಲೂ ಬೀಳುತ್ತದೆ. ಒಂದರ ಬಣ್ಣ ಇನ್ನೊಂದಕ್ಕೆ ಹತ್ತುವುದು ಹೀಗೆ. ಪ್ರಾಂಪ್ಟ್ ಹತ್ತೇ ಪದದ್ದಾದರೂ ಇದು ಆಗಬಹುದು.

ಆದ್ದರಿಂದ 'ಟೂಲ್ ಅರ್ಧ ಮಾತು ಕೇಳಿಸಿಕೊಳ್ಳಲ್ಲ' ಅಂತ ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಬಾರದು. ಕಡಿದುಹೋಗಿದ್ದು ಬೇರೆ, ಕಲೆಸಿಹೋಗಿದ್ದು ಬೇರೆ. ಮೊದಲನೆಯದಕ್ಕೆ ಉದ್ದ ಕಮ್ಮಿ ಮಾಡಿದರೆ ಸಾಕು. ಎರಡನೆಯದಕ್ಕೆ ವಸ್ತು ಮತ್ತು ಬಣ್ಣ ಕಮ್ಮಿ ಮಾಡಬೇಕು.

ಒಂದು ಉದಾಹರಣೆ ನೋಡೋಣ. ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇ ಪೋಸ್ಟರ್. ಯಜಮಾನರು ಹೇಳಿದ್ದೆಲ್ಲ ಪ್ರಾಂಪ್ಟ್‌ಗೆ ಇಳಿಯಿತು. ಮಂಜು ಮುಸುಕಿದ ಮುಳ್ಳಯ್ಯನಗಿರಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕಣದಲ್ಲಿ ಕೆಂಪು ಕಾಫಿ ಹಣ್ಣು ಹರಡುತ್ತಿರುವ ಹಸಿರು ಸೀರೆಯ ಹೆಂಗಸು, ನೀಲಿ ಶರ್ಟು ಬಿಳಿ ಪಂಚೆಯ ಗಂಡಸು, ಹೆಂಚಿನ ಮನೆ, ಜಗಲಿಯ ಮೇಲೆ ಹಿತ್ತಾಳೆ ಲೋಟ, ದೂರದಲ್ಲಿ ಬೇಲೂರಿನ ದೇವಸ್ಥಾನ, masterpiece, 8k, ultra detailed, award winning, ಕೊನೆಗೆ ಒಂದು ಕರಿ ನಾಯಿ. ಮುಳ್ಳಯ್ಯನಗಿರಿ ಎಲ್ಲಿ, ಸಕಲೇಶಪುರ ಎಲ್ಲಿ, ಬೇಲೂರು ಎಲ್ಲಿ ಅಂತ ಕೇಳಬೇಡಿ. ಪೋಸ್ಟರ್‌ನಲ್ಲಿ ಎಲ್ಲವೂ ನಡೆಯುತ್ತದೆ.

ಬಂದ ಚಿತ್ರದಲ್ಲಿ ಸೀರೆ ಕೆಂಪು, ಪಂಚೆಗೆ ನೀಲಿ ಛಾಯೆ, ದೇವಸ್ಥಾನದ ಜಾಗದಲ್ಲಿ ಯಾವುದೋ ಎತ್ತರದ ಗೋಪುರ. ನಾಯಿಯ ಸುಳಿವೇ ಇಲ್ಲ. ಈಗ ಯಾವುದು ಕಡಿದಿದ್ದು, ಯಾವುದು ಕಲೆಸಿದ್ದು? ಪರೀಕ್ಷೆ ಸುಲಭ. ಕಾಣೆಯಾದ ವಸ್ತುವನ್ನು ಪ್ರಾಂಪ್ಟ್‌ನ ಮೊದಲಿಗೆ ತಂದು, ಚಿತ್ರ ಯಾವ ಗೀಚಿನಿಂದ ಶುರುವಾಗಬೇಕು ಅಂತ ಹೇಳುವ ಸೀಡ್ ಸಂಖ್ಯೆಯನ್ನು ಬದಲಿಸದೆ ಮತ್ತೆ ಓಡಿಸಿ. ನಾಯಿ ಬಂದರೆ ಅದು ಬಾಲದಲ್ಲಿದ್ದದ್ದೇ ತೊಂದರೆ. ಮೊದಲಿಗೆ ಇಟ್ಟರೂ ಬಾರದಿದ್ದರೆ, ಅಥವಾ ನಾಯಿ ಬಂದು ಗಂಡಸು ಮಾಯವಾದರೆ, ಚಿತ್ರದಲ್ಲಿ ಜನ ಜಾಸ್ತಿಯಾಗಿದೆ. ಬಣ್ಣಕ್ಕೆ ಇನ್ನೊಂದು ಪರೀಕ್ಷೆ. 'ಕೆಂಪು' ಎಂಬ ಒಂದೇ ಪದ ತೆಗೆದು ನೋಡಿ. ಸೀರೆ ಹಸಿರಿಗೆ ಮರಳಿದರೆ ಕಳ್ಳ ಸಿಕ್ಕ.

ಕತ್ತರಿ ಮೊದಲು ಎಲ್ಲಿಗೆ? ನನ್ನ ಪ್ರಕಾರ masterpiece ಮತ್ತು ಅದರ ಬಳಗಕ್ಕೆ. ಅಂಥ ಪಟ್ಟಿಯಿಟ್ಟ ಚಿತ್ರಗಳಿಂದಲೇ ಕಲಿತ ಕೆಲವು ಮಾಡೆಲ್‌ಗಳಲ್ಲಿ ಈ ಪದಗಳಿಗೆ ಬೆಲೆ ಇದೆ, ಉಳಿದ ಕಡೆ ಅಲಂಕಾರ. ಚಿತ್ರದಲ್ಲಿ ಕೈ ಇಟ್ಟು 'ಇಗೋ ಇದು' ಅಂತ ತೋರಿಸಲಾಗದ ಪದ ಹೋಗಲಿ. ಆಮೇಲೆ ಊರಿನ ಹೆಸರುಗಳು. ಮಾಡೆಲ್‌ಗೆ ಸರಿಯಾಗಿ ಪರಿಚಯವಿಲ್ಲದ ಹೆಸರು ಟೋಕನ್ ತಿಂದು ಯಾವುದೋ ಗುಡ್ಡ ಕೊಡುತ್ತದೆ. misty hills ಅಂದರೆ ಅಷ್ಟೇ ಗುಡ್ಡ ಕಮ್ಮಿ ಖರ್ಚಿನಲ್ಲಿ ಬರುತ್ತದೆ. ಆಮೇಲೆ, ಇದನ್ನು ತುಂಬಾ ಜನ ಮರೆಯುತ್ತಾರೆ, ಹೇಳದೆಯೂ ಬರುವ ವಿವರ. ಹಣ್ಣಾದ ಕಾಫಿ ಕೆಂಪಗೇ ಇರುತ್ತದಲ್ವಾ? ripe ಅಂದರೆ ಸಾಕು. 'ಕೆಂಪು' ಎಂಬ ಪದವೇ ಇಲ್ಲದಿದ್ದರೆ ಸೀರೆಗೆ ಹತ್ತುವ ಸಂಭವ ತುಂಬಾ ಕಮ್ಮಿ. ಉಳಿದದ್ದು ಇಷ್ಟು:

```
a woman in a green saree spreading ripe coffee cherries
on a drying yard, old tiled-roof house behind,
misty hills, early morning, photo
```

ಸುಮಾರು 30 ಟೋಕನ್. (ಬೇಕರಿ ಕೇಕಿನ ಮೇಲಿನ ಚೆರ್ರಿ ಬಂದುಬಿಟ್ಟರೆ cherries ಬದಲು berries ಹಾಕಿ ನೋಡಿ.) ಇಲ್ಲಿಂದ ಮುಂದಕ್ಕೆ ಒಂದೊಂದಾಗಿ ಸೇರಿಸಬೇಕು, ಪ್ರತಿ ಸಲಕ್ಕೂ ಅದೇ ನಾಲ್ಕು ಸೀಡ್‌ನಲ್ಲಿ ನಾಲ್ಕು ಚಿತ್ರ ತೆಗೆಯಬೇಕು. ಮೆಣಸಿನ ಬಳ್ಳಿ ಸೇರಿಸಿದಿರಿ, ನಾಲ್ಕರಲ್ಲೂ ಸೀರೆ ಹಸಿರೇ ಇದೆ, ಸರಿ. ಗಂಡಸನ್ನು ಸೇರಿಸಿದಿರಿ, ಎರಡರಲ್ಲಿ ಪಂಚೆ ಹಸಿರಾಯಿತು, ಒಂದರಲ್ಲಿ ಕಣವೇ ಹೋಯಿತು. ಅಲ್ಲಿಗೆ ಈ ಚಿತ್ರದ ಮಿತಿ ಬಂತು, ಒಂದು ಹೆಜ್ಜೆ ಹಿಂದೆ ಬನ್ನಿ. ಗಮನಿಸಬೇಕಾದ್ದು ಹೊಸದು ಬಂತಾ ಅಂತಲ್ಲ, ಮೊದಲೇ ಇದ್ದದ್ದು ಉಳಿಯಿತಾ ಅಂತ. ಒಂದೇ ಚಿತ್ರ ನೋಡಿ ತೀರ್ಮಾನ ಮಾಡುವವರಿಗೆ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಅದೃಷ್ಟಕ್ಕೆ ಒಂದು ಚಿತ್ರ ಚೆನ್ನಾಗಿಯೇ ಬಂದಿರುತ್ತದೆ.

ಸರಿಯಾದ ಉದ್ದ ಎಷ್ಟು ಅಂತ ಒಂದು ಸಂಖ್ಯೆ ಕೇಳುವವರಿಗೆ ನಾನು ಕೊಡುವುದಿಲ್ಲ. ಒಬ್ಬಳೇ ಹೆಂಗಸು, ಒಂದು ಮನೆ, ಬೆಳಗಿನ ಬೆಳಕು ಅಂದರೆ 50 ಟೋಕನ್ ಬರೆದರೂ ನಡೆಯಬಹುದು, ಎಲ್ಲ ಮಾತೂ ಒಬ್ಬಳ ಬಗ್ಗೆಯೇ ತಾನೇ. ಮೂರು ಜನ, ಮೂರು ಬಣ್ಣ ಅಂದರೆ 25ಕ್ಕೇ ಕಲೆಸುತ್ತದೆ.

ಹಾಗಾದರೆ ಯಜಮಾನರು ಕೇಳಿದ ಪಂಚೆಯ ಗಂಡಸು, ನಾಯಿ? ಮೊದಲು ಹೆಂಗಸಿನ ಚಿತ್ರವನ್ನು ಗಟ್ಟಿ ಮಾಡಿಕೊಂಡು, ಆಮೇಲೆ ಚಿತ್ರದ ಒಂದು ಭಾಗವನ್ನಷ್ಟೇ ಮತ್ತೆ ಬರೆಸುವ ಇನ್‌ಪೇಂಟ್‌ನಲ್ಲಿ ಅಂಗಳದ ಒಂದು ಮೂಲೆಯನ್ನು ಮಾತ್ರ ಗುರುತು ಮಾಡಿ a black dog lying on the ground ಅಂತ ಅಷ್ಟನ್ನೇ ಬರೆಯಿರಿ. ಗಂಡಸಿಗೂ ಹಾಗೆಯೇ. ಗುರುತು ಹಾಕದ ಜಾಗವನ್ನು ಅದು ಮತ್ತೆ ಬರೆಯುವುದಿಲ್ಲವಾದ್ದರಿಂದ ಅವನ ನೀಲಿ ಶರ್ಟು ಸೀರೆಗೆ ಹತ್ತುವುದಿಲ್ಲ. ಬೇಲೂರಿನ ದೇವಸ್ಥಾನ ಬೇಕೇ ಬೇಕು ಅಂದರೆ ನಿಜವಾದ ಫೋಟೋ ಹಾಕಿ, ಇಲ್ಲಿಂದ ಮುಕ್ಕಾಲು ಗಂಟೆ ದಾರಿ. ಹೋಮ್‌ಸ್ಟೇ ಹೆಸರನ್ನಂತೂ ಪ್ರಾಂಪ್ಟ್‌ನಲ್ಲಿ ಬರೆಯಲೇಬೇಡಿ, ಅದನ್ನು ಕೋರೆಲ್‌ಡ್ರಾದಲ್ಲಿ ನುಡಿ ಫಾಂಟ್ ಹಾಕಿ ಕೂರಿಸಿ. ಒತ್ತಕ್ಷರ ತಪ್ಪಿದ ಬೋರ್ಡು ನಮ್ಮೂರಲ್ಲಿ ಈಗಾಗಲೇ ಬೇಕಾದಷ್ಟಿವೆ.

2024ರಲ್ಲಿ ಬಂದ ಫ್ಲಕ್ಸ್.1 ತರಹದ ಮಾಡೆಲ್‌ಗಳು ಕ್ಲಿಪ್ ಜೊತೆಗೆ ಟಿ5 ಎಂಬ ಇನ್ನೊಂದು ಓದುಗನನ್ನು ಇಟ್ಟುಕೊಂಡಿವೆ. ಫ್ಲಕ್ಸ್.1ರ ಡೆವ್ ಆವೃತ್ತಿಗೆ 512 ಟೋಕನ್ ಹಿಡಿಸುತ್ತದೆ, ಪೂರ್ತಿ ವಾಕ್ಯ ಬರೆದರೆ ಯಾರ ಸೀರೆ, ಯಾರ ಶರ್ಟು ಎಂಬುದನ್ನು ಹಳೆಯವಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಅಲ್ಲಿ ಕಡಿದುಹೋಗುವ ಕಾಟ ಹೆಚ್ಚುಕಮ್ಮಿ ಇಲ್ಲ. ಕಲೆಸುವುದು ಕಮ್ಮಿಯಾಗಿದೆ, ನಿಂತಿಲ್ಲ. ಕಣದಲ್ಲಿ ಆರು ಜನರನ್ನು ಆರು ಬಣ್ಣದ ಬಟ್ಟೆಯಲ್ಲಿ ನಿಲ್ಲಿಸಿ ನೋಡಿ, ನಾಲ್ಕನೆಯವನ ಹೊತ್ತಿಗೆ ಬಣ್ಣ ಅದಲುಬದಲಾಗಲು ಶುರುವಾದರೆ ಆಶ್ಚರ್ಯವಿಲ್ಲ. 512ರಲ್ಲಿ ನಾನೂರು ಆಗಲೂ ಮಿಕ್ಕಿರುತ್ತದೆ.