ಅಪ್ಪ ಅಮ್ಮನಿಗಿಂತ ಮೊದಲೇ ಆ ದೇಶದವರಾಗುವ ಮಕ್ಕಳು

ಹದಿನೈದು ವರ್ಷದ ಒಬ್ಬ ಹುಡುಗಿ ಅಂದುಕೊಳ್ಳಿ. ಅಪ್ಪ ಅಮ್ಮ ಬೇರೆ ದೇಶದಿಂದ ಬಂದವರು, ಅವಳು ಹುಟ್ಟಿದ್ದು ಮಾತ್ರ ಈಗಿರುವ ದೇಶದಲ್ಲೇ. ಶನಿವಾರ ರಾತ್ರಿ ಗೆಳತಿಯ ಮನೆಯಲ್ಲಿ ಉಳಿಯಲಾ ಅಂತ ಕೇಳುತ್ತಾಳೆ. ಅಪ್ಪ ತಲೆ ಎತ್ತದೇ ಹೇಳುತ್ತಾರೆ, "ನಮ್ಮಲ್ಲಿ ಹಾಗೆಲ್ಲ ಇಲ್ಲ." ಈ "ನಮ್ಮಲ್ಲಿ" ಅನ್ನುವ ಮಾತಿನಲ್ಲೇ ಗಂಟು ಇರೋದು. ಅಪ್ಪನ "ನಮ್ಮಲ್ಲಿ" ಎಲ್ಲೋ ಸಾವಿರಾರು ಮೈಲಿ ಆಚೆ ಇದೆ, ಅವಳದ್ದು ಪಕ್ಕದ ಬೀದಿಯಲ್ಲಿದೆ.

ಇಂಥ ಒದ್ದಾಟದ ಬಗ್ಗೆ ವಿದ್ವಾಂಸರು ಬರೆಯಲು ಶುರುಮಾಡಿ ನೂರು ವರ್ಷ ಆಗುತ್ತಾ ಬಂತು. 1928ರಲ್ಲಿ ಷಿಕಾಗೋದ ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್, ಎರಡು ಸಮಾಜಗಳ ಅಂಚಿನಲ್ಲಿ ನಿಂತು ಎರಡಕ್ಕೂ ಪೂರ್ತಿ ಸೇರದ ಮನುಷ್ಯನ ಬಗ್ಗೆ ಬರೆದರು. ಅವರ ಪ್ರಕಾರ ಎರಡು ಸಂಸ್ಕೃತಿಗಳ ಜಗಳ ನಡೆಯೋದು ಆ ಒಬ್ಬನ ಮನಸ್ಸಿನೊಳಗೆ. ಈ ಯೋಚನೆ ಬಹಳ ಕಾಲ ಉಳಿಯಿತು. ಅದರಿಂದ ಒಂದು ಕೆಟ್ಟ ಪರಿಣಾಮವೂ ಆಯಿತು ಅಂತ ನನಗನ್ನಿಸುತ್ತದೆ: ತೊಂದರೆ ಇರೋದು ಮಗುವಿನಲ್ಲೇ ಅನ್ನುವ ಹಾಗಾಯಿತು.

1943ರಲ್ಲಿ ಇರ್ವಿನ್ ಚೈಲ್ಡ್ ಎಂಬ ಮನಶ್ಶಾಸ್ತ್ರಜ್ಞ, ಅಮೆರಿಕದ ನ್ಯೂ ಹೇವನ್‌ನಲ್ಲಿ ಇಟಲಿ ಮೂಲದ ಮನೆಗಳ ಯುವಕರನ್ನು ಮಾತಾಡಿಸಿ ಕಂಡದ್ದನ್ನು ಪ್ರಕಟಿಸಿದರು. ಕೆಲವರು ಮನೆಯ ರೀತಿಗೆ ತಿರುಗಿಬಿದ್ದು ಅಮೆರಿಕನ್ನರಾಗಲು ಹೊರಟಿದ್ದರು. ಕೆಲವರು ತಮ್ಮವರ ಗುಂಪಿನೊಳಗೇ ಉಳಿದಿದ್ದರು. ಇನ್ನು ಕೆಲವರು ಈ ವಿಷಯವೇ ಬೇಡ ಅಂತ ಎರಡೂ ಕಡೆ ಅಷ್ಟಕ್ಕಷ್ಟೇ ಇದ್ದರು. ಈ ಮೂರನೆಯವರು ನನಗೆ ಮುಖ್ಯ ಅನ್ನಿಸುತ್ತಾರೆ. ಮನೆಯಲ್ಲಿ ಗಲಾಟೆ ಇಲ್ಲ, ಮಗ ಎಲ್ಲಕ್ಕೂ "ಹ್ಞೂಂ" ಅನ್ನುತ್ತಾನೆ ಅಂದರೆ ಎಲ್ಲ ಸರಿಯಿದೆ ಅಂತಲ್ಲ. ಯಾರನ್ನು ಆರಿಸಿಕೊಂಡರೂ ಇನ್ನೊಬ್ಬರನ್ನು ಕಳೆದುಕೊಳ್ಳಬೇಕು ಅಂತ ಅವನು ಮಾತೇ ನಿಲ್ಲಿಸಿರಬಹುದು.

ನೋಟ ಬದಲಾದದ್ದು 1970ರ ದಶಕದಲ್ಲಿ, ಮಯಾಮಿಯಲ್ಲಿ. ಕ್ಯೂಬಾದಿಂದ ಬಂದ ಕುಟುಂಬಗಳ ಜೊತೆ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಹೋಸೆ ಸಪೋಚ್ನಿಕ್ ಮತ್ತು ಅವರ ಜೊತೆಗಾರರು ಮಗುವನ್ನು ಒಂಟಿಯಾಗಿ ನೋಡದೆ ಇಡೀ ಮನೆಯನ್ನು ನೋಡಿದರು. ಮಕ್ಕಳು ಹೊಸ ದೇಶದ ರೀತಿಯನ್ನು ಬೇಗ ಹಿಡಿಯುತ್ತಿದ್ದರು, ಅಪ್ಪ ಅಮ್ಮ ನಿಧಾನ. ಅಂತರ ಜಾಸ್ತಿಯಾದಂತೆ ದೊಡ್ಡವರು ಹೆದರಿ ಹಗ್ಗ ಬಿಗಿ ಮಾಡುತ್ತಿದ್ದರು, ಬಿಗಿ ಮಾಡಿದಷ್ಟೂ ಮಕ್ಕಳು ಇನ್ನೂ ದೂರ ಓಡುತ್ತಿದ್ದರು. ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು.

1992ರಲ್ಲಿ ಅಲೆಹಾಂದ್ರೊ ಪೋರ್ಟಿಸ್ ಮತ್ತು ರೂಬೆನ್ ರುಂಬಾಟ್ ಎಂಬ ಸಮಾಜಶಾಸ್ತ್ರಜ್ಞರು ದಕ್ಷಿಣ ಫ್ಲಾರಿಡಾ ಮತ್ತು ಸ್ಯಾನ್ ಡಿಯಾಗೋದಲ್ಲಿ 5,000ಕ್ಕೂ ಜಾಸ್ತಿ ವಲಸಿಗರ ಮಕ್ಕಳ ಬದುಕನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಶುರುಮಾಡಿದರು. ಅವರ ಕೆಲಸದಿಂದ ಇನ್ನೊಂದು ಎಳೆ ಸ್ಪಷ್ಟವಾಯಿತು, ಅದು ಭಾಷೆ. ಮಕ್ಕಳು ಮನೆಮಾತು ಬಿಟ್ಟು, ದೊಡ್ಡವರು ಹೊಸ ಮಾತು ಕಲಿಯದೆ ಹೋದ ಮನೆಯಲ್ಲಿ ಅಧಿಕಾರವೇ ತಲೆಕೆಳಗಾಗುತ್ತದೆ.

ಹೇಗೆ ಅಂತ ನಮ್ಮ ಹುಡುಗಿಯ ಮನೆಯಲ್ಲೇ ನೋಡಿ. ಹತ್ತು ವರ್ಷದವಳಿದ್ದಾಗಲೇ ಶಾಲೆಯಿಂದ ಬಂದ ಕಾಗದ ಓದಿ ಹೇಳುತ್ತಿದ್ದವಳು ಅವಳು. ಡಾಕ್ಟರ್ ಹತ್ತಿರ ಅಮ್ಮನ ನೋವನ್ನು ವಿವರಿಸಿದ್ದೂ ಅವಳೇ. ದೊಡ್ಡವರ ಕೆಲಸ ಮಾಡಿದವಳಿಗೆ ಹದಿನೈದಕ್ಕೆ ಇದ್ದಕ್ಕಿದ್ದಂತೆ "ನೀನಿನ್ನೂ ಚಿಕ್ಕವಳು" ಅಂದರೆ ಒಪ್ಪುತ್ತಾಳಾ? ಇತ್ತ ಅಪ್ಪನಿಗೂ ಕಷ್ಟ. ಗೆಳತಿಯ ಮನೆಯವರಿಗೆ ಫೋನ್ ಮಾಡಿ ಯಾರಿರುತ್ತಾರೆ, ಎಷ್ಟು ಹೊತ್ತಿಗೆ ಮಲಗುತ್ತಾರೆ ಅಂತ ಕೇಳುವ ಭಾಷೆ ಅವರಿಗಿಲ್ಲ. ಕೇಳಲಾಗದ್ದನ್ನು "ಬೇಡ" ಅನ್ನೋದು ಸುಲಭ. ಇನ್ನೂ ಒಂದಿದೆ. ಅಪ್ಪನ ನಿಯಮ ಅವರು ದೇಶ ಬಿಟ್ಟ ವರ್ಷದ್ದು. ಅಲ್ಲಿ ಉಳಿದ ತಮ್ಮನ ಮಕ್ಕಳೇ ಈಗ ಎಷ್ಟೋ ಸಡಿಲವಾಗಿರಬಹುದು, ಇವರು ಮಾತ್ರ ಹಳೆಯದನ್ನೇ ಕಾಯುತ್ತಿರುತ್ತಾರೆ.

ಹಾಗಂತ ಎಲ್ಲ ಜಗಳವನ್ನೂ ಸಂಸ್ಕೃತಿಯ ತಲೆಗೆ ಕಟ್ಟಬೇಡಿ. ಹದಿನೈದರಲ್ಲಿ ಯಾವ ಮನೆಯಲ್ಲಿ ವಾದ ಇರಲ್ಲ? ವ್ಯತ್ಯಾಸ ತಿಳಿಯೋದು ಜಗಳದ ಸದ್ದಿನಿಂದಲ್ಲ, ಸುಳ್ಳಿನಿಂದ. ಗೆಳತಿಯರ ಹೆಸರನ್ನೇ ಮನೆಯಲ್ಲಿ ಎತ್ತದಿರುವುದು, ಬಾಗಿಲಾಚೆ ಬಟ್ಟೆ ಬದಲಿಸುವುದು, ಶಾಲೆಯ ಸಭೆಗೆ ಅಪ್ಪ ಅಮ್ಮ ಬರುವುದು ಬೇಡ ಅಂತ ದಿನಾಂಕವನ್ನೇ ಹೇಳದಿರುವುದು. ಇಂಥವು ಜಾಸ್ತಿಯಾದರೆ ಅವಳು ಎರಡು ಬದುಕು ನಡೆಸುತ್ತಿದ್ದಾಳೆ ಅಂತ.

ಸಪೋಚ್ನಿಕ್ ತಂಡ 1980ರ ದಶಕದಲ್ಲಿ ಇದಕ್ಕೊಂದು ತರಬೇತಿ ಮಾಡಿತು. ಅದರ ಉಪಾಯ ಸರಳ: ತಪ್ಪು ಅಪ್ಪನದೂ ಅಲ್ಲ, ಮಗಳದೂ ಅಲ್ಲ, ಮಧ್ಯೆ ಬೆಳೆದ ಅಂತರವೇ ಇಬ್ಬರ ಎದುರಾಳಿ. ದೊಡ್ಡವರಿಗೆ ಹೊಸ ದೇಶದ ರೀತಿ, ಮಕ್ಕಳಿಗೆ ಮನೆಯ ರೀತಿ ಎರಡನ್ನೂ ಪರಿಚಯಿಸುತ್ತಿದ್ದರು. ಕುಟುಂಬಗಳಿಗೆ ಅನುಕೂಲವಾಯಿತು ನಿಜ, ಆದರೆ ಆಗಲೇ ಬಳಕೆಯಲ್ಲಿದ್ದ ಕುಟುಂಬ ಚಿಕಿತ್ಸೆಗೆ ಹೋಲಿಸಿದರೆ ಸರಿಸುಮಾರು ಅಷ್ಟೇ ಅನುಕೂಲ, ಅದಕ್ಕಿಂತ ಜಾಸ್ತಿಯಲ್ಲ.

ಆ ಶನಿವಾರಕ್ಕೆ ಇದನ್ನು ಅನ್ವಯಿಸಿದರೆ? ಗೆಳತಿಯ ಅಮ್ಮನಿಗೆ ಫೋನ್ ಮಾಡೋದು ಅಪ್ಪ. ತರ್ಜುಮೆ ಮಾಡೋಕೆ ಮಗಳಲ್ಲ, ಭಾಷೆ ಬಲ್ಲ ಇನ್ನೊಬ್ಬ ದೊಡ್ಡವರು. ಮಾತು ಮುಗಿದ ಮೇಲೂ ಅಪ್ಪ "ಬೇಡ" ಅನ್ನಬಹುದು, ಆದರೆ ಆಗ "ನಮ್ಮಲ್ಲಿ ಇಲ್ಲ" ಅನ್ನುವ ಬದಲು ಅವರ ಹತ್ತಿರ ಹೇಳೋಕೆ ಒಂದು ನಿಜವಾದ ಕಾರಣ ಇರುತ್ತದೆ.