ಕೂಟದಂತನ ಪಶುಗಳು, ಹರಿಕೇಶನ ಬೆಂಕಿ

ಮಗಧದ ಖಾಣುಮತವು ಬಿಂಬಿಸಾರ ದತ್ತಿಯಾಗಿ ಕೊಟ್ಟ ಊರು. ಅದನ್ನು ಅನುಭವಿಸುತ್ತಿದ್ದ ಬ್ರಾಹ್ಮಣ ಕೂಟದಂತ ಮಹಾಯಜ್ಞಕ್ಕೆ ಅಣಿಯಾಗಿದ್ದ. 700 ಗೂಳಿ, 700 ಹೋರಿಗರು, 700 ಕಡಸು, 700 ಆಡು, 700 ಟಗರುಗಳನ್ನು ಬಲಿಪಶು ಕಟ್ಟುವ ಕಂಬವಾದ ಯೂಪದ ಬಳಿ ತಂದಿದ್ದರು. ಬೌದ್ಧರ ಪಾಲಿ ಗ್ರಂಥ ದೀಘನಿಕಾಯದ ಐದನೆಯ ಸುತ್ತದ ಈ ಸಂಖ್ಯೆಯನ್ನು ಚರಿತ್ರೆಯ ಲೆಕ್ಕವೆಂದು ನಂಬಬೇಕಿಲ್ಲ. ಪಶುಬಂಧವೆಂಬ ಸಾಮಾನ್ಯ ಪಶುಯಾಗಕ್ಕೆ ಒಂದೇ ಆಡು ಸಾಕಾಗುತ್ತಿತ್ತು.

ಮೂರು ವಿಧ, ಹದಿನಾರು ಪರಿಕರಗಳ ಯಜ್ಞ ಹೇಗೆಂದು ಕೂಟದಂತನಿಗೆ ಗೊತ್ತಿಲ್ಲ. ಕೇಳಲು ಹೋಗುವುದು ಬುದ್ಧನ ಬಳಿಗೆ! ಯಜ್ಞವಿಧಿ ಬ್ರಾಹ್ಮಣನ ಸ್ವತ್ತು ಎಂಬ ನಂಬಿಕೆ ಈ ತಮಾಷೆಯಲ್ಲೇ ಅರ್ಧ ಕುಸಿಯುತ್ತದೆ.

ಬುದ್ಧ ಯಜ್ಞ ಬೇಡ ಎನ್ನುವುದಿಲ್ಲ. ಮಹಾವಿಜಿತನೆಂಬ ಹಳೆಯ ರಾಜನ ಕಥೆ ಹೇಳುತ್ತಾನೆ. ನಾಡಿನಲ್ಲಿ ಕಳ್ಳಕಾಕರ ಕಾಟವಿರುವಾಗ ಯಜ್ಞಕ್ಕೆಂದು ತೆರಿಗೆ ಎತ್ತಿದರೆ ತಪ್ಪಾಗುತ್ತದೆ, ಕಳ್ಳರನ್ನು ಕೊಂದರೂ ಉಳಿದವರು ಕಾಡುತ್ತಾರೆ ಎಂದು ಪುರೋಹಿತ ರಾಜನನ್ನು ತಡೆಯುತ್ತಾನೆ. ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ರಾಜಸೇವಕನಿಗೆ ಊಟ–ಸಂಬಳ ಕೊಡು, ಜನ ತಮ್ಮ ಕಸುಬಿನಲ್ಲಿ ತೊಡಗಿದರೆ ಕಾಟ ತಾನೇ ನಿಲ್ಲುತ್ತದೆ ಎನ್ನುತ್ತಾನೆ. ಆಮೇಲಷ್ಟೇ ಯಜ್ಞ. ಅಲ್ಲಿ ಪಶುವಧೆಯಿಲ್ಲ, ಯೂಪಕ್ಕೆ ಮರ ಕಡಿಯುವುದಿಲ್ಲ, ಹಾಸಲು ದರ್ಭೆ ಕೊಯ್ಯುವುದಿಲ್ಲ, ಆಳುಗಳು ಬಡಿಗೆಗೆ ಹೆದರಿ ಅಳುತ್ತಾ ದುಡಿಯುವುದಿಲ್ಲ. ತುಪ್ಪ, ಎಣ್ಣೆ, ಬೆಣ್ಣೆ, ಮೊಸರು, ಜೇನು, ಬೆಲ್ಲದಲ್ಲೇ ಮುಗಿಯುತ್ತದೆ.

ಹದಿನಾರು ಪರಿಕರಗಳು ಎಂದರೆ ಸೌಟು–ಪಾತ್ರೆಗಳೂ ಅಲ್ಲ. ನಾಲ್ಕು ವರ್ಗದ ಪ್ರಜೆಗಳ ಸಮ್ಮತಿ, ರಾಜನ ಎಂಟು ಗುಣ, ಪುರೋಹಿತನ ನಾಲ್ಕು ಗುಣ. ಮೂರು ವಿಧವೆಂದರೆ ಕೊಡುವ ಮುಂಚೆ, ಕೊಡುವಾಗ, ಕೊಟ್ಟ ಮೇಲೆ ಪಶ್ಚಾತ್ತಾಪಪಡದಿರುವುದು. ಪದಗಳು ಹಳೆಯವೇ, ಒಳಗಿನ ಹೂರಣ ಬೇರೆ. ಇದಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಫಲದ ಯಜ್ಞ ಉಂಟೇ ಎಂದು ಕೂಟದಂತ ಮತ್ತೆ ಮತ್ತೆ ಕೇಳುತ್ತಾನೆ. ಉತ್ತರ ನಿತ್ಯದಾನದಿಂದ ಶೀಲಕ್ಕೆ, ಧ್ಯಾನಕ್ಕೆ ಏರುತ್ತದೆ. ಕೊನೆಗೆ ಅವನು ಪಶುಗಳ ಕಟ್ಟು ಬಿಚ್ಚಿಸುತ್ತಾನೆ.

ಯಜ್ಞದ ಬಗೆಗಿನ ಜೈನರ ವಾದವನ್ನು ಇದರ ಪಡಿಯಚ್ಚೆಂದು ಪರೀಕ್ಷೆಯಲ್ಲಿ ಬರೆಯುವವರು ಬಹಳ. ಆದರೆ ಜೈನ ದೃಷ್ಟಿಗೆ ಬೆಂಕಿ, ನೀರುಗಳೂ ಜೀವವಿರುವ ಕಾಯಗಳೇ. ಹಾಗಾಗಿ ಪಶುವಿಲ್ಲದೆ ಬರಿಯ ತುಪ್ಪ ಹೊಯ್ದರೂ ಬೆಂಕಿ ಹೊತ್ತಿಸಿದ ಹಿಂಸೆ ತಪ್ಪದು. ಜೈನ ಆಗಮಗ್ರಂಥ ಉತ್ತರಾಧ್ಯಯನ ಸೂತ್ರದ 12ನೆಯ ಅಧ್ಯಾಯದಲ್ಲಿ ಚಂಡಾಲ ಕುಲದ ಮುನಿ ಹರಿಕೇಶಬಲ ಯಾಗಶಾಲೆಗೆ ಭಿಕ್ಷೆಗೆ ಬರುತ್ತಾನೆ. ಈ ಅನ್ನ ಬ್ರಾಹ್ಮಣರಿಗೆ ಮಾತ್ರ ಎಂದು ಅಟ್ಟುತ್ತಾರೆ, ಹೊಡೆಯುತ್ತಾರೆ. ನೀವು ವೇದ ಕಲಿತೂ ಅರ್ಥ ಅರಿಯದೆ ಮಾತಿನ ಹೊರೆ ಹೊತ್ತವರು ಎಂದು ಮುನಿಯ ಪರವಾಗಿ ಯಕ್ಷನೊಬ್ಬ ಜರೆಯುತ್ತಾನೆ. ಬಳಿಕ ಅವರೇ ಮುನಿಯನ್ನು ಕೇಳುತ್ತಾರೆ: ನಿನ್ನ ಬೆಂಕಿ ಯಾವುದು, ಸೌಟು ಯಾವುದು? ತಪಸ್ಸೇ ಬೆಂಕಿ, ಜೀವವೇ ಅಗ್ನಿಕುಂಡ, ದೇಹ ಬೆರಣಿ, ಕರ್ಮವೇ ಉರಿದುಹೋಗುವ ಸೌದೆ ಎನ್ನುತ್ತಾನೆ ಹರಿಕೇಶ.